ಕಾಲ್ತುಳಿತದ ಸುದ್ದಿ, ಕೊನೆಗೊಂದು 🏆

ನಾನು ಒಂದು ಕನ್ನಡ ಸುದ್ದಿಮನೆಯ ಸೋಷಿಯಲ್ ಮೀಡಿಯಾ ಡೆಸ್ಕ್ ನೋಡಿಕೊಳ್ಳುತ್ತೇನೆ. ಗಂಭೀರ ಸುದ್ದಿಗೆ ಎಮೋಜಿ ಹಾಕಬೇಕಾ ಬೇಡವಾ ಎಂದು ನಮ್ಮಲ್ಲಿ ಯಾರೂ ಕೂತು ಯೋಚಿಸಿದ್ದೇ ಇಲ್ಲ. ಎಲ್ಲರೂ ಹಾಕುತ್ತಿದ್ದರು, ನಾವೂ ಹಾಕುತ್ತಿದ್ದೆವು. 2025ರ ಜೂನ್ 4ರ ಸಂಜೆಯವರೆಗೆ.

ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತ್ತು. ಬೆಳಗ್ಗೆಯಿಂದ ನಮ್ಮ ಪೇಜಿನಲ್ಲಿ ಬರೀ ❤️🏆🎉. ಸಂಜೆಯ ಪೋಸ್ಟ್‌ಗಳನ್ನೂ ಮಧ್ಯಾಹ್ನವೇ ಬರೆದು ಶೆಡ್ಯೂಲ್ ಮಾಡಿಟ್ಟಿದ್ದೆವು. ಅಷ್ಟರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯಿಂದ ಕಾಲ್ತುಳಿತದ ಸುದ್ದಿ ಬಂತು. ಆ ದಿನ ಅಲ್ಲಿ 11 ಜನ ಸತ್ತರು.

ನನ್ನ ತಲೆಗೆ ಮೊದಲು ಬಂದಿದ್ದು ಶೆಡ್ಯೂಲ್ ಆಗಿದ್ದ ಪೋಸ್ಟ್‌ಗಳು. ಓಡಿಹೋಗಿ ಎಲ್ಲವನ್ನೂ ನಿಲ್ಲಿಸಿದೆ. ಸದ್ಯ ಬಚಾವ್ ಅಂದುಕೊಂಡೆ. ಆದರೆ ತಪ್ಪು ಆಗಿದ್ದು ಅಲ್ಲಿ ಅಲ್ಲ. ಅವಸರದಲ್ಲಿ ನಮ್ಮ ಹುಡುಗನೊಬ್ಬ ಹಳೆಯ ಪೋಸ್ಟನ್ನು ಕಾಪಿ ಮಾಡಿ, ಸಾಲನ್ನಷ್ಟೇ ಬದಲಿಸಿ ಹಾಕಿಬಿಟ್ಟಿದ್ದ. ಹೊಸ ಪೋಸ್ಟ್ ಹೀಗಿತ್ತು: ‘ಚಿನ್ನಸ್ವಾಮಿ ಬಳಿ ಕಾಲ್ತುಳಿತ, ಹಲವರ ಸಾವು ❤️🏆’. ಬಾಲದಲ್ಲಿದ್ದ ಎಮೋಜಿ ಅವನ ಕಣ್ಣಿಗೆ ಬೀಳಲೇ ಇಲ್ಲ. ದಿನವಿಡೀ ನೋಡಿ ನೋಡಿ ಅದು ಪೂರ್ಣವಿರಾಮದ ಹಾಗೆ ಆಗಿಹೋಗಿತ್ತು.

ಎರಡೇ ನಿಮಿಷದಲ್ಲಿ ನೋಡಿದೆವು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಓಡಾಡುತ್ತಿತ್ತು. ಫೇಸ್‌ಬುಕ್‌ನಲ್ಲಿ ಎಡಿಟ್ ಮಾಡಬಹುದು, ಆದರೆ ಹಳೆಯ ರೂಪ ಎಡಿಟ್ ಹಿಸ್ಟರಿಯಲ್ಲಿ ಉಳಿದಿರುತ್ತದೆ. ಹಾಗಾಗಿ ಡಿಲೀಟ್ ಮಾಡಿ, ತಪ್ಪಾಗಿತ್ತು ಎಂದು ಒಂದು ಸಾಲು ಸೇರಿಸಿ ಮತ್ತೆ ಹಾಕಿದೆವು. ಈ ಸಲ ಎಮೋಜಿ ಆರಿಸಿದ್ದು ನಾನೇ: 💔. ಸರಿಯಾಗಿದೆ ಅನ್ನಿಸಿತ್ತು. ಕಮೆಂಟಿನಲ್ಲಿ ಒಬ್ಬರು, ‘ಮ್ಯಾಚ್ ಸೋತಾಗಲೂ ಇದನ್ನೇ ಹಾಕ್ತಿದ್ರಲ್ಲ’ ಎಂದು ಬರೆದರು. ನಿಜ. ಅಷ್ಟು ವರ್ಷ ಆರ್‌ಸಿಬಿ ಸೋತಾಗಲೆಲ್ಲ ಅಭಿಮಾನಿಗಳೂ ನಾವೂ ಹಾಕುತ್ತಿದ್ದದ್ದು ಅದೇ ಒಡೆದ ಹೃದಯ. ಅದನ್ನೂ ತೆಗೆದೆ. ಆಮೇಲೆ ಆ ರಾತ್ರಿ ನಮ್ಮ ಪೋಸ್ಟ್‌ಗಳಲ್ಲಿ ಬರೀ ಅಕ್ಷರ.

ಒಂದು ವಾರ ಬಿಟ್ಟು ನಾನು ಮತ್ತು ನಮ್ಮ ಹಿರಿಯ ಉಪಸಂಪಾದಕರು ಕೂತು ನಮ್ಮದೇ ಹಳೆಯ ಪೋಸ್ಟ್‌ಗಳನ್ನು ತೆರೆದೆವು. ಅಪಘಾತ, ಕೊಲೆ, ಪ್ರವಾಹ, ನಿಧನ. ಪ್ರತಿಯೊಂದರಲ್ಲೂ ಎಮೋಜಿ ಅಳಿಸಿ, ಓದುಗನಿಗೆ ಏನು ಕಡಿಮೆಯಾಯಿತು ಎಂದು ನೋಡಿದೆವು. 😢 ಅಳಿಸಿದರೆ ಏನೂ ಕಡಿಮೆಯಾಗಲಿಲ್ಲ. ಅದು ನಮ್ಮ ಮುಖ, ಸುದ್ದಿಯದಲ್ಲ. ಅದರ ಇನ್ನೊಂದು ತೊಂದರೆ ಆಗ ಗೊತ್ತಾಯಿತು. ಒಂದು ಬಸ್ ಅಪಘಾತಕ್ಕೆ 😢 ಹಾಕಿದ್ದೆವು, ಅದೇ ದಿನ ಕೂಲಿ ಕಾರ್ಮಿಕರಿಬ್ಬರ ಸಾವಿಗೆ ಹಾಕಿರಲಿಲ್ಲ. ಬೇಕೆಂದು ಬಿಟ್ಟಿದ್ದಲ್ಲ, ಶಿಫ್ಟ್ ಬದಲಾಗಿತ್ತು ಅಷ್ಟೇ. ಪೇಜ್ ನೋಡುವವರಿಗೆ ಅದು ಹಾಗೆ ಕಾಣುತ್ತದಾ?

🔫 ಇನ್ನೂ ವಿಚಿತ್ರ. ಗುಂಡಿನ ದಾಳಿಯ ಸುದ್ದಿಗೆ ಅದನ್ನು ಹಾಕಿದ್ದೆವು. ಆಪಲ್ 2016ರಲ್ಲಿ, ಉಳಿದ ದೊಡ್ಡ ಕಂಪನಿಗಳು 2018ರ ಹೊತ್ತಿಗೆ ಆ ಚಿತ್ರವನ್ನು ನೀರು ಚಿಮ್ಮಿಸುವ ಆಟಿಕೆ ಪಿಸ್ತೂಲಿಗೆ ಬದಲಿಸಿದವು. ಕೊಲೆಯ ಸುದ್ದಿಯ ಪಕ್ಕ ನಾವು ಹೋಳಿಯ ಪಿಚಕಾರಿಯಂಥದ್ದನ್ನು ಇಟ್ಟಿದ್ದೆವು.

🚨 ಬಗ್ಗೆ ನನಗೆ ಬುದ್ಧಿ ಬಂದಿದ್ದು ಒಬ್ಬ ಓದುಗರಿಂದ. ಅವರಿಗೆ ಕಣ್ಣು ಕಾಣುವುದಿಲ್ಲ, ಫೋನಿನ ಟಾಕ್‌ಬ್ಯಾಕ್ ಓದುವುದನ್ನು ಕೇಳುತ್ತಾರೆ. ‘ಸಾರ್, ನಿಮ್ಮ ಸುದ್ದಿ ಶುರುವಾಗೋ ಮೊದ್ಲು ಮೂರು ಪೊಲೀಸ್ ಕಾರು ಹೋಗ್ತವೆ’ ಅಂದರು. ನನಗೆ ಅರ್ಥವಾಗಲಿಲ್ಲ. ನನ್ನ ಫೋನಿನಲ್ಲೇ ಟಾಕ್‌ಬ್ಯಾಕ್ ಆನ್ ಮಾಡಿ ನಮ್ಮ ಪೋಸ್ಟ್ ಕೇಳಿದೆ. ಎಮೋಜಿಗೆ ಒಂದೊಂದು ಹೆಸರಿದೆ, ಅದನ್ನು ಅದು ಓದುತ್ತದೆ. 🚨ಗೆ ಇರುವ ಹೆಸರೇ ಪೊಲೀಸ್ ಕಾರಿನ ದೀಪ ಎಂದು. ಸಾಲಿನ ಮುಂದೆ ಮೂರು ಇಟ್ಟರೆ ಮೂರು ಸಲ ಕೇಳಬೇಕು. ಸಾಲಿನ ನಡುವೆ ಇಟ್ಟರೆ ಇನ್ನೂ ಕಷ್ಟ, ವಾಕ್ಯವೇ ತುಂಡಾಗುತ್ತದೆ. ಅವತ್ತಿನಿಂದ ಸಾಲಿನ ನಡುವೆ ಯಾವ ಎಮೋಜಿಯೂ ಇಲ್ಲ.

ಹಾಗಾದರೆ ಎಲ್ಲವನ್ನೂ ಬಿಡೋಣ ಅಂದೆ. ಅದೂ ಆಗಲಿಲ್ಲ, ಮಳೆಗಾಲ ಬಂತು. ಹವಾಮಾನ ಇಲಾಖೆ ಜಿಲ್ಲೆಗಳಿಗೆ ರೆಡ್, ಆರೆಂಜ್, ಯೆಲ್ಲೋ ಅಲರ್ಟ್ ಕೊಡುತ್ತದೆ. ಆ ಪಟ್ಟಿಯಲ್ಲಿ 🔴🟠🟡 ನಿಜವಾಗಿ ಕೆಲಸ ಮಾಡುತ್ತವೆ. ಕಾರವಾರದವರಿಗೆ ತಮ್ಮ ಜಿಲ್ಲೆ ಯಾವ ಬಣ್ಣದಲ್ಲಿದೆ ಎಂದು ಒಂದೇ ನೋಟಕ್ಕೆ ಸಿಗುತ್ತದೆ. ಅಳಿಸಿದರೆ ಹುಡುಕಬೇಕಾಗುತ್ತದೆ. ಆದರೆ ಇಲ್ಲೂ ಎಡವಿದೆವು. ನೇರಪ್ರಸಾರದ ಲಿಂಕಿಗೆ ನಾವು ಮೊದಲಿಂದಲೂ ಹಾಕುತ್ತಿದ್ದದ್ದು ಇದೇ 🔴. ‘🔴 ಉತ್ತರ ಕನ್ನಡ: ಮಳೆ ಹಾನಿ’ ಎಂದು ಲೈವ್ ಹಾಕಿದೆವು. ಅದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ರೆಡ್ ಅಲರ್ಟ್ ಆಗಿ ಓಡಿತು. ಶಾಲೆಗೆ ರಜೆನಾ ಅಂತ ಕೇಳಲು ಫೋನುಗಳು ಬಂದವು. ಜಿಲ್ಲೆಗೆ ಅವತ್ತು ಇದ್ದದ್ದು ಆರೆಂಜ್.

ಈಗ ಲೈವ್‌ಗೆ ‘ನೇರಪ್ರಸಾರ’ ಎಂಬ ಪದ, 🔴 ಮಳೆಗೆ ಮಾತ್ರ. ಬಣ್ಣದ ಪಕ್ಕ ಬಣ್ಣದ ಹೆಸರನ್ನೂ ಬರೆಯುತ್ತೇವೆ, ಕೆಂಪು-ಹಸಿರು ಗುರುತಿಸಲಾಗದವರೂ ಓದುತ್ತಾರೆ ತಾನೆ. ‘🟠 ಆರೆಂಜ್: ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ’, ಹೀಗೆ. ಎಕ್ಸ್‌ನಲ್ಲಿ ಜಾಗದ ಲೆಕ್ಕವೂ ಇದೆ. ಅಲ್ಲಿ ಒಂದು ಎಮೋಜಿಗೆ ಎರಡು ಅಕ್ಷರ ಹೋಗುತ್ತದೆ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ‘ಸ್ತ್ರೀ’ ಎಂದು ಬರೆದರೆ ಆರು ಹೋಯಿತು. ಒಂದು ಪೋಸ್ಟಿಗೆ ಸಿಗುವ 280 ಅಕ್ಷರದಲ್ಲಿ ಮೂರು 🚨ಗೆ ಕೊಟ್ಟ ಆರರಲ್ಲಿ ಒಂದು ಊರಿನ ಹೆಸರು ಬರೆಯಬಹುದಿತ್ತು.

ಹಳೆಯ ಪೋಸ್ಟ್ ಕಾಪಿ ಮಾಡುವುದನ್ನೂ ನಿಲ್ಲಿಸಿದೆವು. ಸಾವು ಇರುವ ಸುದ್ದಿ ಖಾಲಿ ಬಾಕ್ಸಿನಲ್ಲೇ ಬರೆಯಬೇಕು. ಸುದ್ದಿಯನ್ನು ಚಿತ್ರವಾಗಿ ಹಾಕುವ ಕಾರ್ಡಿನ ಡಿಸೈನಿನಲ್ಲಿ ಎಮೋಜಿ ಹಾಕಬಾರದು. ಬರಹವನ್ನು ತಿದ್ದಬಹುದು, ಚಿತ್ರದೊಳಗೆ ಕೂತಿದ್ದನ್ನು ಆಗುವುದಿಲ್ಲ. ದೊಡ್ಡ ದುರಂತವಾದರೆ ಮೊದಲ ಕೆಲಸ ಶೆಡ್ಯೂಲ್ ನಿಲ್ಲಿಸುವುದು, ಎರಡನೆಯದು ಪೋಸ್ಟ್.

ಇಷ್ಟಕ್ಕೆಲ್ಲ ಡೆಸ್ಕಿನಲ್ಲಿ ಒಪ್ಪಿಗೆ ಸಿಕ್ಕಿತು. ಸಿಗದೇ ಉಳಿದಿದ್ದು ನಿಧನದ ಸುದ್ದಿಯ 🙏. ನಮ್ಮ ಹಿರಿಯರು ಅದು ಬೇಕೇ ಬೇಕು ಅನ್ನುತ್ತಾರೆ. ‘2021ರಲ್ಲಿ ಪುನೀತ್ ಹೋದಾಗ ಕೈ ಮುಗಿಯದೇ ಸುದ್ದಿ ಹಾಕಿದ್ದರೆ ಜನ ಏನಂತಿದ್ರು ಹೇಳು’ ಎಂದು ಕೇಳುತ್ತಾರೆ. ಅವರ ಮಾತಿನಲ್ಲಿ ಅರ್ಥವಿಲ್ಲ ಅನ್ನಲಾರೆ. ಕೈ ಮುಗಿಯುವುದು ನಮ್ಮಲ್ಲಿ ಭಾವನೆಗಿಂತ ಹೆಚ್ಚಾಗಿ ರೂಢಿ. ಸಾವಿನ ಮನೆಗೆ ಹೋದರೆ ಮಾತಾಡದಿದ್ದರೂ ಕೈ ಮುಗಿಯುತ್ತೇವೆ.

ನನ್ನ ವಾದ ಬೇರೆ. ಕನ್ನಡದಲ್ಲಿ ಆ ಕೆಲಸಕ್ಕೆ ಪದಗಳೇ ಇವೆ. ‘ಸಾವು’ ಬೇರೆ, ‘ನಿಧನ’ ಬೇರೆ, ‘ಇನ್ನಿಲ್ಲ’ ಬೇರೆ. 2019ರಲ್ಲಿ ಸಿದ್ಧಗಂಗಾ ಶ್ರೀಗಳು ತೀರಿಕೊಂಡಾಗ ‘ಲಿಂಗೈಕ್ಯ’ ಎಂದು ಬರೆದೆವು. ಆ ಪದದ ಪಕ್ಕ 🙏 ಇಟ್ಟರೆ ಏನು ಹೆಚ್ಚಾಗುತ್ತದೆ? ಅಲ್ಲದೆ ಒಬ್ಬರಿಗೆ ಇಟ್ಟು ಇನ್ನೊಬ್ಬರಿಗೆ ಬಿಟ್ಟರೆ, ಅದರಲ್ಲೂ ಅವರು ರಾಜಕಾರಣಿಗಳಾದರೆ, ಸಂಜೆಯವರೆಗೆ ಅದೇ ಜಗಳ. 💐 ಅಂತೂ ಬೇಡವೇ ಬೇಡ. ಹುಟ್ಟುಹಬ್ಬದ ಶುಭಾಶಯಕ್ಕೆ ಬೆಳಗ್ಗೆ ಹಾಕಿದ್ದನ್ನೇ ಸಂಜೆ ಶ್ರದ್ಧಾಂಜಲಿಗೆ ಹಾಕಿದ್ದೂ ಉಂಟು ನಾವು.

ಸದ್ಯಕ್ಕೆ ಒಪ್ಪಂದ ಹೀಗಿದೆ: ಸುದ್ದಿಯ ಪೋಸ್ಟಿನಲ್ಲಿ 🙏 ಇಲ್ಲ, ಆಮೇಲೆ ಬರುವ ನುಡಿನಮನದ ಬರಹಕ್ಕೆ ಒಂದು ಇರಬಹುದು. ಅವರು ರಾತ್ರಿ ಶಿಫ್ಟ್‌ನಲ್ಲಿದ್ದಾಗ ಸುದ್ದಿಗೂ ಒಂದು ಬಿದ್ದಿರುತ್ತದೆ. ಬೆಳಗ್ಗೆ ಬಂದು ನೋಡಿ ಸುಮ್ಮನಾಗುತ್ತೇನೆ.