ಟೋಕನ್ ಕೊಟ್ಟವರು ಹಿಂದೆ ಸರಿದಾಗ: ಶಿರಸಿಯ ಒಂದು ಜಾಗದ ವ್ಯವಹಾರ

ಶಿರಸಿಯಲ್ಲಿ ಜಾಗ, ಮನೆ ಕೊಡಿಸುವ ಕೆಲಸ ಮಾಡುತ್ತೇನೆ. ಟೋಕನ್ ಕೊಟ್ಟ ಮೇಲೆ ‘ಬೇಡ’ ಅನ್ನುವವರು ಆಗಾಗ ಸಿಗುತ್ತಾರೆ. ಆಗ ಎಲ್ಲರ ಗಮನವೂ ದುಡ್ಡಿನ ಮೇಲೇ ಇರುತ್ತದೆ. ಕೊಟ್ಟವರಿಗೆ ಪೂರ್ತಿ ವಾಪಸ್ ಬೇಕು, ಮಾರುವವರಿಗೆ ಪೂರ್ತಿ ಉಳಿಸಿಕೊಳ್ಳಬೇಕು. ನನ್ನ ಕಣ್ಣಿಗೆ ಮಾತ್ರ ಮೊದಲು ಕಾಣುವುದು ಜಾಗ. ಕೊಂಡುಕೊಳ್ಳುವವರು ಬಾಯಲ್ಲಿ ಬೇಡ ಅಂದರೆ ಜಾಗ ಬಿಡುಗಡೆ ಆಗುವುದಿಲ್ಲ. ನಾಳೆ ಮನಸ್ಸು ಬದಲಾಗಿ ‘ಮಾತಾಗಿತ್ತು, ದುಡ್ಡೂ ಕೊಟ್ಟಿದ್ದೇನೆ, ಖರೀದಿ ಮಾಡಿಕೊಡಿ’ ಅಂತ ಅವರು ಕೋರ್ಟಿಗೆ ಹೋಗಬಹುದು. ಅಂಥ ದಾವೆಗೆ ಮೂರು ವರ್ಷದ ಅವಧಿ ಇದೆ. ದಾವೆ ಗೆಲ್ಲುವುದು ಬೇರೆ ಮಾತು. ದಾವೆ ಹೂಡಿದ್ದಾರೆ ಅಂತ ಗೊತ್ತಾದರೆ ಸಾಕು, ಹೊಸ ಗಿರಾಕಿ ಆ ಜಾಗದ ಹತ್ತಿರ ಸುಳಿಯುವುದಿಲ್ಲ.

ಇದನ್ನು ಒಂದು ವ್ಯವಹಾರದ ಮೂಲಕ ಹೇಳುತ್ತೇನೆ. ಊರಿನ ಅಂಚಿನಲ್ಲಿ ಎನ್.ಎ., ಅಂದರೆ ಕೃಷಿಯೇತರ ಅಂತ ಪರಿವರ್ತನೆ ಆದ ನಾಲ್ಕು ಗುಂಟೆ ಜಾಗ. ಮಾರುವವರು ಗಂಡ ತೀರಿಕೊಂಡ ಒಬ್ಬ ಅಮ್ಮ. ಸಣ್ಣ ಅಡಿಕೆ ತೋಟದ ಮೇಲೆ ಅವರ ಬದುಕು. ಕೊಳ್ಳುವವರು ನಮ್ಮ ಕಡೆಯವರೇ, ಹುಬ್ಬಳ್ಳಿಯಲ್ಲಿ ನೌಕರಿ. ಮಾತು 32 ಲಕ್ಷಕ್ಕೆ ಮುಗಿದಿತ್ತು. ಒಂದು ಲಕ್ಷ ಟೋಕನ್ ಅಮ್ಮನ ಖಾತೆಗೆ ಬಂದಿತ್ತು. ಅವರು ಮನೆಯಲ್ಲೇ ಬರೆದುಕೊಂಡ ರಶೀದಿಯಲ್ಲಿ ಇದ್ದಿದ್ದು ಇಷ್ಟೇ: ಟೋಕನ್ ಬಂದಿದೆ, ಒಂದು ತಿಂಗಳೊಳಗೆ ಖರೀದಿ ಕರಾರು ಪತ್ರ ಮಾಡಿಕೊಳ್ಳುವುದು. ಬೇಡ ಅಂದರೆ ಏನು ಅನ್ನುವ ಮಾತೇ ಅದರಲ್ಲಿ ಇರಲಿಲ್ಲ.

ತಿಂಗಳು ಮುಗಿಯುವ ಮೊದಲೇ ಕೊಳ್ಳುವವರ ಫೋನ್ ಬಂತು. “ಸಾಲ ನಾವು ಅಂದುಕೊಂಡಷ್ಟು ಆಗ್ತಾ ಇಲ್ಲ. ಈ ಜಾಗ ಬಿಡೋಣ ಅಂತ ಮಾಡಿದ್ದೇವೆ. ಟೋಕನ್ ವಾಪಸ್ ಕೊಡಿಸಿ.”

ಈ ಮೊದಲ ಮಾತಿನಲ್ಲಿ ನಾನು ದುಡ್ಡಿನ ಬಗ್ಗೆ ಒಂದಕ್ಷರವೂ ಒಪ್ಪುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಫೋನಿನಲ್ಲಿ ‘ನೋಡೋಣ, ಕೊಡಿಸ್ತೇನೆ’ ಅಂದರೆ ಅದು ಮಾತು ಕೊಟ್ಟ ಹಾಗೆ. ‘ಟೋಕನ್ ಹೋಯ್ತು ಅಂದ್ಕೊಳ್ಳಿ’ ಅಂದರೆ ಅಲ್ಲಿಗೇ ಜಗಳ ಶುರು. ಬದಲಿಗೆ ಮೂರು ವಿಷಯ ಕೇಳುತ್ತೇನೆ. ಇದು ಕಡೆಯ ತೀರ್ಮಾನವೋ ಅಥವಾ ಟೈಮ್ ಬೇಕೋ? ಕಾರಣ ಏನು? ದುಡ್ಡು ಯಾರ ಖಾತೆಯಿಂದ ಬಂದಿದ್ದು?

ಕಾರಣ ಕೇಳುವುದು ಸುಮ್ನೆ ಅಲ್ಲ. ನಮ್ಮ ಜಿಲ್ಲೆಯಲ್ಲಿ ಜಾಗದ ಕಾಗದಗಳ ತೊಡಕು ಜಾಸ್ತಿ. ಪಹಣಿಯಲ್ಲಿ ತೀರಿಹೋದವರ ಹೆಸರು ಉಳಿದಿರುತ್ತದೆ. ಪಕ್ಕದ ಅರಣ್ಯದ ಜಾಗ ಒಂದಿಷ್ಟು ಬೇಲಿಯೊಳಗೆ ಸೇರಿರುತ್ತದೆ. ಕರಾವಳಿಯ ಕಡೆ ಸಮುದ್ರದಂಡೆಯ ನಿಯಮ ಅಡ್ಡ ಬರುತ್ತದೆ. ಇಂಥದ್ದೇನಾದರೂ ಕಂಡು ಕೊಳ್ಳುವವರು ಹಿಂದೆ ಸರಿದರೆ ತಪ್ಪು ಅವರದ್ದಲ್ಲ. ಆಗ ಪೂರ್ತಿ ದುಡ್ಡು ವಾಪಸ್ ಕೊಡಿ ಅಂತ ನಾನು ಮಾರುವವರಿಗೇ ಹೇಳುತ್ತೇನೆ. ಇಲ್ಲಿ ಹಾಗಿರಲಿಲ್ಲ. ವಕೀಲರು ಕಾಗದ ನೋಡಿ ಸರಿ ಅಂದಿದ್ದರು. ಸಾಲ ಸಾಲದೇ ಹೋದದ್ದು ಕೊಳ್ಳುವವರ ಕಡೆಯ ಕಾರಣ. ಸಾಲ ಸಿಕ್ಕರೆ ಮಾತ್ರ ಖರೀದಿ ಅನ್ನುವ ಮಾತು ಮೊದಲು ಆಗಿರಲಿಲ್ಲ.

ಫೋನ್ ಇಡುವ ಮುಂಚೆ ಒಂದು ಕೆಲಸ ಮಾಡಿಸಿದೆ. ಇದೇ ಮಾತನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ ಅಂದೆ. ‘ಸಾಲ ಸಾಕಾಗದ ಕಾರಣ ಈ ಜಾಗದ ಖರೀದಿಯಿಂದ ಹಿಂದೆ ಸರಿಯುತ್ತಿದ್ದೇವೆ’ ಅಂತ ಅವರದೇ ಮಾತಿನಲ್ಲಿ ಬಂತು. ಮುಂದೆ ‘ಅವರೇ ಕೊಡಲ್ಲ ಅಂದರು’ ಅನ್ನುವ ಮಾತು ಹುಟ್ಟದ ಹಾಗೆ ಅದು ತಡೆಯುತ್ತದೆ. ಆದರೆ ಅದೊಂದನ್ನೇ ನಂಬಿ ಬೇರೆಯವರಿಗೆ ಜಾಗ ತೋರಿಸಲಿಲ್ಲ. ಕಾಗದ ಆಗುವ ತನಕ ಇನ್ನೊಬ್ಬರಿಂದ ಟೋಕನ್ ತಗೊಳ್ಳಬೇಡಿ ಅಂತ ಅಮ್ಮನಿಗೂ ಹೇಳಿದೆ.

ಅಮ್ಮನಿಗೆ ಸಿಟ್ಟು ಬಂದಿತ್ತು. “ನಾನು ಯಾಕೆ ಕೊಡಬೇಕು? ಟೋಕನ್ ಅಂದ್ರೆ ಬಿಟ್ಟ ದುಡ್ಡು ಅಲ್ವಾ?” ಅಂದರು. ಊರಲ್ಲಿ ಹೆಚ್ಚಿನವರು ನಂಬಿರುವುದು ಹಾಗೇ. ನಾನು ನಿಧಾನ ಕೂತು ವಿವರಿಸಿದೆ. ಅಮ್ಮ, ವ್ಯವಹಾರಕ್ಕೆ ಭದ್ರತೆಯಾಗಿ ಕೊಟ್ಟ ಸಂಚಕಾರ ಬೇರೆ, ಬೆಲೆಯ ಒಂದು ಭಾಗವಾಗಿ ಕೊಟ್ಟ ಮುಂಗಡ ಬೇರೆ. ಸಂಚಕಾರವನ್ನು ಮುಟ್ಟುಗೋಲು ಹಾಕಿಕೊಳ್ಳುತ್ತೇವೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾರುವವರ ಕೈ ಗಟ್ಟಿ. ಬರೆದಿಲ್ಲದಿದ್ದರೆ ಕೋರ್ಟು ‘ನಿಮಗೆ ನಷ್ಟ ಆಗಿದ್ದು ಎಷ್ಟು?’ ಅಂತ ಕೇಳುತ್ತದೆ. 1872ರ ಕರಾರು ಕಾಯಿದೆಯ 74ನೇ ಕಲಂ ಹೇಳುವುದೂ ನ್ಯಾಯವಾದ ಪರಿಹಾರದ ಮಾತನ್ನೇ. 1963ರಲ್ಲಿ ಫತೇಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾಡಿದ್ದೂ ಇದನ್ನೇ. ಅಲ್ಲಿ ಮಾರುವವರ ಹತ್ತಿರ 25,000 ರೂಪಾಯಿ ಇತ್ತು. ಸಂಚಕಾರವಾಗಿ ಬಂದ 1,000 ಇಟ್ಟುಕೊಳ್ಳಲು ಕೋರ್ಟು ಬಿಟ್ಟಿತು. ಉಳಿದ 24,000ವನ್ನು, ನಷ್ಟ ತೋರಿಸಲಾಗಲಿಲ್ಲ ಅಂತ, ಮುಟ್ಟುಗೋಲು ಹಾಕಿಕೊಳ್ಳಲು ಬಿಡಲಿಲ್ಲ. ನಮ್ಮ ರಶೀದಿಯಲ್ಲಿ ಮುಟ್ಟುಗೋಲಿನ ಮಾತೇ ಇಲ್ಲ. ಒಂದು ಲಕ್ಷ ಹಿಡಿದಿಟ್ಟು ವರ್ಷಗಟ್ಟಲೆ ಓಡಾಡುವುದಕ್ಕಿಂತ ಜಾಗ ಬಿಡಿಸಿಕೊಳ್ಳುವುದು ಮುಖ್ಯ ಅಂದೆ. ಅವರು ಮಾರನೇ ದಿನ “ಲೆಕ್ಕ ಬರಿ ನೋಡೋಣ ತಮ್ಮ” ಅಂದರು.

ಲೆಕ್ಕ ಬರೆಯುವಾಗ ನನ್ನದು ಒಂದೇ ಅಳತೆ: ಈ ಗಿರಾಕಿ ಬಾರದಿದ್ದರೆ ಈ ಖರ್ಚು ಆಗುತ್ತಿತ್ತೋ ಇಲ್ಲವೋ? ಹಳೇ ತೆರಿಗೆ ಬಾಕಿ ಕಟ್ಟಿದ್ದನ್ನು ಅಮ್ಮ ಸೇರಿಸಿದ್ದರು. ಯಾರಿಗೆ ಮಾರಿದರೂ ಕಟ್ಟಲೇಬೇಕಿತ್ತು, ಹೊಡೆದು ಹಾಕಿದೆ. ಗಡಿ ತೋರಿಸಿ ಅಂತ ಗಿರಾಕಿಯೇ ಕೇಳಿದ್ದರಿಂದ ಜಾಗ ಸವರಿಸಿ, ಅಳತೆ ಮಾಡಿಸಿ, ಕಲ್ಲು ಹುಗಿಸಿದ್ದರು. ಅದಕ್ಕೆ 9,000. ಜಾಗದ ಮೇಲಿನ ಸಾಲ, ವ್ಯವಹಾರ ತೋರಿಸುವ ಇಸಿ ಮತ್ತು ಹಳೇ ಪತ್ರಗಳ ನಕಲಿಗೆ 1,500. ಕಾಗದ ತೋರಿಸಲು ಮುಂಬೈಯಿಂದ ಮಗನನ್ನು ಕರೆಸಿದ್ದರು, ಹೋಗಿ ಬರುವ ಖರ್ಚು 6,500. ಒಟ್ಟು 17,000. ಇದರ ಜೊತೆ, ಮಾತು ಕೊಟ್ಟಿದ್ದೇವೆ ಅಂತ ಇನ್ನೊಬ್ಬ ಗಿರಾಕಿಯನ್ನು ವಾಪಸ್ ಕಳಿಸಿದ್ದು ನಿಜ. ಅವರು ಬೇರೆ ಕಡೆ ಜಾಗ ತಗೊಂಡಿದ್ದರು. ಆ ನಷ್ಟಕ್ಕೆ ಬಿಲ್ಲು ತೋರಿಸಲು ಆಗುವುದಿಲ್ಲ. ಅದನ್ನು ಮಾತಿನಲ್ಲೇ ಬಗೆಹರಿಸಬೇಕು.

ಕೊಳ್ಳುವವರನ್ನು ಶಿರಸಿಗೆ ಕರೆಸಿದೆ. ಲೆಕ್ಕದ ಹಾಳೆ, ರಶೀದಿಗಳನ್ನು ಎದುರಿಗೆ ಇಟ್ಟೆ. ಮುಂಬೈ ಖರ್ಚಿಗೆ ಸ್ವಲ್ಪ ತಕರಾರು ಮಾಡಿದರು. ಅವತ್ತು ಮಗನನ್ನು ಕರೆಸಿ ಅಂತ ಅವರೇ ಹೇಳಿದ ಮೆಸೇಜು ಫೋನಿನಲ್ಲೇ ಇತ್ತು. ಅದನ್ನು ತೋರಿಸಿದ ಮೇಲೆ ಒಪ್ಪಿದರು. ಕೈತಪ್ಪಿದ ಗಿರಾಕಿಯ ಲೆಕ್ಕಕ್ಕೆ ಇನ್ನು 3,000. ಹಾಗೆ 20,000 ಅಮ್ಮನಿಗೆ, 80,000 ವಾಪಸ್ ಅಂತ ತೀರ್ಮಾನ ಆಯಿತು. ಎರಡೂ ಕಡೆ ಪೂರ್ತಿ ಖುಷಿ ಇರಲಿಲ್ಲ. ಆದರೆ ಯಾವ ದುಡ್ಡು ಯಾತಕ್ಕೆ ಅಂತ ಇಬ್ಬರಿಗೂ ಗೊತ್ತಿತ್ತು.

ತೊಡಕು ಬಂದದ್ದು ಆಮೇಲೆ. ಅಮ್ಮನ ಕೈಯಲ್ಲಿ ಆಗ ಇದ್ದದ್ದು 50,000 ಮಾತ್ರ. “ಹೊಸ ಗಿರಾಕಿ ಬಂದ ಕೂಡಲೇ ಉಳಿದದ್ದು ಕೊಡ್ತೇನೆ” ಅಂದರು. ಇದು ಕೇಳಲು ಸರಳ, ಆದರೆ ಅಪಾಯದ ಮಾತು. ಗಿರಾಕಿ ಯಾವಾಗ ಬರುತ್ತಾರೋ ಗೊತ್ತಿಲ್ಲ. ಮೇಲಾಗಿ ಹಳಬರ ಬಾಕಿ ಆ ಜಾಗದ ಮಾರಾಟಕ್ಕೇ ಕಟ್ಟಿಕೊಂಡು ಕೂರುತ್ತದೆ. ಬಿಡಿಸಿಕೊಳ್ಳಬೇಕಾಗಿದ್ದೇ ಆ ಗಂಟು. ಹಾಗಾಗಿ ತಾರೀಕು ಹಾಕಿದೆವು. ಚಾಲಿ ಅಡಿಕೆ ಸೊಸೈಟಿಗೆ ಹಾಕಿ ದುಡ್ಡು ಬರುವ ಸಮಯ ನೋಡಿ, ಒಂದಿಷ್ಟು ದಿನ ಹೆಚ್ಚಿಗೆ ಇಟ್ಟು, 30,000ಕ್ಕೆ ಆ ತಾರೀಕಿನ ಚೆಕ್ ಬರೆಸಿದೆ. ಚೆಕ್ ಪಾಸಾಗದಿದ್ದರೆ ಕೊಳ್ಳುವವರಿಗೆ ಕಾನೂನಿನ ದಾರಿ ಇದ್ದೇ ಇದೆ. ಅದಕ್ಕೆ ಪ್ರತಿಯಾಗಿ, ಜಾಗದ ಮೇಲಿನ ಹಕ್ಕನ್ನು ಸಹಿ ಮಾಡಿದ ದಿನವೇ ಬಿಟ್ಟುಕೊಡಲು ಅವರು ಒಪ್ಪಿದರು. ಉಳಿದ 30,000 ಬರೀ ಕೈಸಾಲದ ಹಾಗೆ, ಜಾಗಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ವಿಷಯ ಹೊರಗೆ ಬಂತು. ಟೋಕನ್ ಬಂದಿದ್ದು ಕೊಳ್ಳುವವರ ಭಾವನ ಖಾತೆಯಿಂದ. ದುಡ್ಡು ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಹೋಗಬೇಕು. ಇಲ್ಲದಿದ್ದರೆ ನಾಳೆ ಭಾವ ಬಂದು ‘ನನ್ನ ದುಡ್ಡು ಎಲ್ಲಿ?’ ಅನ್ನಬಹುದು. ಅದನ್ನು ಪತ್ರದಲ್ಲೇ ಬರೆಸಿ, ಭಾವನಿಂದಲೂ ಒಪ್ಪಿಗೆಯ ಸಹಿ ಹಾಕಿಸಿದೆ. “ನಗದು ಕೊಟ್ಟುಬಿಡಿ, ಸುಲಭ” ಅಂತ ಒಬ್ಬರು ಹೇಳಿದರು. ಜಾಗದ ಮುಂಗಡವನ್ನು 20,000 ಅಥವಾ ಅದಕ್ಕಿಂತ ಜಾಸ್ತಿ ನಗದಾಗಿ ತಗೊಳ್ಳುವಂತಿಲ್ಲ, ವಾಪಸ್ ಕೊಡುವಂತೆಯೂ ಇಲ್ಲ. ವ್ಯವಹಾರ ಮುರಿದುಬಿದ್ದಿದ್ದರೂ ಇದೇ ನಿಯಮ. ತಪ್ಪಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಮ್ಮನ ಹತ್ತಿರ ಉಳಿದ 20,000 ಕೂಡ ಆ ವರ್ಷದ ಆದಾಯದ ಲೆಕ್ಕಕ್ಕೆ ಬರುತ್ತದೆ. ಅದನ್ನು ಅವರ ಮಗನಿಗೆ ಹೇಳಿದೆ.

ಪತ್ರವನ್ನು ಇ-ಸ್ಟ್ಯಾಂಪ್ ಕಾಗದದ ಮೇಲೆ ದಸ್ತಾವೇಜು ಬರೆಯುವವರಿಂದ ಟೈಪ್ ಮಾಡಿಸಿದೆವು. ಮೊದಲಿನ ರಶೀದಿ ನೋಂದಣಿ ಆಗಿರಲಿಲ್ಲ, ಹಾಗಾಗಿ ಇದನ್ನೂ ನೋಂದಣಿ ಮಾಡಿಸಲಿಲ್ಲ. ಕರಾರು ಪತ್ರ ನೋಂದಣಿ ಆಗಿದ್ದರೆ ಮಾತು ಬೇರೆ. ಆಗ ರದ್ದತಿಯನ್ನೂ ಉಪನೋಂದಣಿ ಕಚೇರಿಯಲ್ಲೇ ಮಾಡಿಸಬೇಕು, ಇಲ್ಲದಿದ್ದರೆ ಇಸಿಯಲ್ಲಿ ಹಳೇ ಕರಾರು ಹಾಗೇ ಕಾಣುತ್ತಿರುತ್ತದೆ. ನಮ್ಮ ಪತ್ರದಲ್ಲಿ ಜಾಗದ ಸರ್ವೆ ನಂಬರು, ಚಕ್ಕುಬಂದಿ, ಟೋಕನ್ ಬಂದ ತಾರೀಕು, ಬ್ಯಾಂಕಿನ ವ್ಯವಹಾರದ ನಂಬರು ಎಲ್ಲ ಬಂದವು. ಮುಖ್ಯವಾದ ಸಾಲು ಹೀಗಿತ್ತು:

“ಖರೀದಿದಾರರು ತಮ್ಮ ಸ್ವಂತ ಕಾರಣದಿಂದ ಈ ವ್ಯವಹಾರದಿಂದ ಹಿಂದೆ ಸರಿದಿದ್ದಾರೆ. ಸದರಿ ಜಾಗದ ಮೇಲೆ ಅವರಿಗಾಗಲಿ, ಅವರ ಪರವಾಗಿ ಬೇರೆ ಯಾರಿಗಾಗಲಿ ಈ ದಿನದಿಂದ ಯಾವ ಹಕ್ಕೂ ಇರುವುದಿಲ್ಲ. ಜಾಗವನ್ನು ಯಾರಿಗೆ ಬೇಕಾದರೂ ಮಾರಲು ಮಾಲೀಕರು ಸ್ವತಂತ್ರರು. ಬಾಕಿ 30,000 ರೂಪಾಯಿಗೂ ಸದರಿ ಜಾಗಕ್ಕೂ ಸಂಬಂಧ ಇರುವುದಿಲ್ಲ.”

ಖರೀದಿ ಗಂಡ ಹೆಂಡತಿ ಇಬ್ಬರ ಹೆಸರಿಗೂ ಆಗಬೇಕು ಅಂತ ಮಾತಾಗಿತ್ತು. ಆದ್ದರಿಂದ ಇಬ್ಬರೂ ಸಹಿ ಮಾಡಿದರು. ಸಾಕ್ಷಿಗೆ ಎರಡೂ ಕಡೆಯಿಂದ ಒಬ್ಬೊಬ್ಬರು. ಸಹಿ ಆಗುತ್ತಿದ್ದ ಹಾಗೇ, ಅದೇ ಮೇಜಿನಲ್ಲಿ, ಮಗ 50,000 ಕಳಿಸಿದ. ಭಾವನ ಫೋನಿಗೆ ಮೆಸೇಜು ಬಂದದ್ದನ್ನು ನೋಡಿ, ಚೆಕ್ ಕೊಟ್ಟು, ಮೂಲ ರಶೀದಿಯನ್ನು ವಾಪಸ್ ತಗೊಂಡು ಅಡ್ಡಗೆರೆ ಎಳೆದು ‘ರದ್ದಾಗಿದೆ’ ಅಂತ ಬರೆಸಿದೆ. ಅವರ ಹತ್ತಿರ ಇದ್ದ ಕಾಗದದ ನಕಲುಗಳೂ ಬಂದವು. ಚೆಕ್ ಹೇಳಿದ ತಾರೀಕಿಗೆ ಪಾಸಾಯಿತು. ಅದಾದ ಮೇಲೆ ‘ಪೂರ್ತಿ ಮುಟ್ಟಿದೆ’ ಅಂತ ಪತ್ರದ ಎರಡೂ ಪ್ರತಿಗಳ ಹಿಂದೆ ಬರೆಸಿಕೊಂಡೆವು.

ಈಗ ನನ್ನ ಮೂಲಕ ಆಗುವ ಟೋಕನ್ ರಶೀದಿಗಳಲ್ಲಿ ಈ ಮಾತುಗಳನ್ನು ಮೊದಲೇ ಬರೆಸುತ್ತೇನೆ: ಕಾಗದದಲ್ಲಿ ದೋಷ ಕಂಡರೆ ಅಥವಾ ಮಾರುವವರೇ ತಪ್ಪಿದರೆ ಪೂರ್ತಿ ವಾಪಸ್. ಕೊಳ್ಳುವವರು ತಮ್ಮ ಕಾರಣಕ್ಕೆ ಬಿಟ್ಟರೆ ಇಷ್ಟು ರೂಪಾಯಿ ಮಾರುವವರಿಗೆ, ಉಳಿದದ್ದು ಇಂಥ ದಿನದೊಳಗೆ ಇಂಥ ಖಾತೆಗೆ. ಸಾಲ ಆಗದಿದ್ದರೆ ಅದನ್ನು ಯಾವ ಕಡೆಯ ಕಾರಣ ಅಂತ ಲೆಕ್ಕ ಹಿಡಿಯಬೇಕು ಅನ್ನುವುದನ್ನೂ ಬರೆಸುತ್ತೇನೆ.