850 ಕ್ಯಾಲೊರಿಯಲ್ಲಿ ಮುದ್ದೆಗೂ ಜಾಗ: ದಾವಣಗೆರೆಯಲ್ಲಿ ಶುಗರ್ ಮಾತ್ರೆ ಬಿಡಿಸಿದ ಬಗೆ

ಮುದ್ದೆ ರೊಟ್ಟಿ ಉಣ್ಣುವ ನಮ್ಮ ಕಡೆಯವರು ದಿನಕ್ಕೆ 850 ಕ್ಯಾಲೊರಿಯಲ್ಲಿ ಮೂರು ತಿಂಗಳು ಇರುವುದು ಆಗದ ಮಾತು ಎಂದು ಇಲ್ಲಿನ ಹಿರಿಯ ವೈದ್ಯರೇ ಹೇಳಿದ್ದರು. ತೂಕ ಇಳಿಸಿ ಟೈಪ್ ಎರಡು ಶುಗರ್ ಹಿಮ್ಮೆಟ್ಟಿಸಬಹುದೇ ಎಂದು ನೋಡಿದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಸೂಪು, ಶೇಕಿನ ಪೊಟ್ಟಣ ಕೊಟ್ಟು ಇದನ್ನು ಮಾಡಿಸಿದ್ದು ನಿಜ. ಒಂದು ವರ್ಷಕ್ಕೆ 46%, ಎರಡು ವರ್ಷಕ್ಕೆ 36% ಜನ ಮಾತ್ರೆ ಇಲ್ಲದೆಯೇ ಶುಗರ್ ಹತೋಟಿಯಲ್ಲಿರುವ ಸ್ಥಿತಿ, ಅಂದರೆ ರೆಮಿಷನ್‌ನಲ್ಲಿ ಇದ್ದರು. ಅದನ್ನೇ ನಮ್ಮ ಅಡುಗೆಮನೆಗೆ ಇಳಿಸಬಹುದೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಆಹಾರ ತಜ್ಞೆಯಾಗಿ ಊಟದ ಲೆಕ್ಕ ನನ್ನದು, ಮಾತ್ರೆಯ ಲೆಕ್ಕ ನನ್ನ ಜೊತೆಗಿರುವ ಫಿಸಿಶಿಯನ್‌ ಅವರದು.

ಮೊದಲ ನಾಲ್ಕೈದು ಜನರಲ್ಲಿ ಸೋತೆವು. ಚಾರ್ಟ್ ಸರಿಯಾಗಿತ್ತು, ತೂಕ ಮಾತ್ರ ಮೂರನೇ ವಾರಕ್ಕೆ ನಿಂತುಬಿಡುತ್ತಿತ್ತು. ಮನೆಗೆ ಹೋಗಿ ತಟ್ಟೆ ನೋಡಿದಾಗ ಗೊತ್ತಾಯಿತು, ಕಳ್ಳ ಶೇಂಗಾ ಚಟ್ನಿಪುಡಿ. ಅದನ್ನು ಊಟವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತುಂಬಿದ ಎರಡು ಚಮಚ ಎಂದರೆ ಸುಮಾರು 30 ಗ್ರಾಂ, 160 ಕ್ಯಾಲೊರಿಗೆ ಕಡಿಮೆ ಇಲ್ಲ. ಮೇಲೊಂದು ದೊಡ್ಡ ಚಮಚ ಎಣ್ಣೆ ಬಿಟ್ಟುಕೊಂಡರೆ ಇನ್ನೂ 120. ಅಲ್ಲಿಗೆ ದಿನದ ಲೆಕ್ಕದ ಮೂರರಲ್ಲಿ ಒಂದು ಪಾಲು ಹೋಯಿತು. ಸಂಜೆಯ ಮಂಡಕ್ಕಿಯೂ ಹಾಗೆಯೇ. 'ಹಗುರ' ಎಂದು ತಿನ್ನುತ್ತಾರೆ; ಒಣ ಮಂಡಕ್ಕಿ 100 ಗ್ರಾಮಿಗೆ ಅಕ್ಕಿಯಷ್ಟೇ ಕ್ಯಾಲೊರಿ, ಒಗ್ಗರಣೆ, ಪುಟಾಣಿ, ಮಿರ್ಚಿ ಬೇರೆ. ಅಂದಿನಿಂದ ನಾನೂರು ರೂಪಾಯಿಯ ಅಡುಗೆಮನೆ ತಕ್ಕಡಿ ಕೊಳ್ಳದವರನ್ನು ಶುರು ಮಾಡಿಸುವುದಿಲ್ಲ. ಅಡುಗೆ ಮಾಡುವವರು ಯಾರೋ ಅವರೂ ಮೊದಲ ದಿನ ಬರಲೇಬೇಕು.

ಗೆದ್ದ ಒಂದು ಕೇಸನ್ನು ಪೂರ್ತಿ ಹೇಳುತ್ತೇನೆ. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ, ವಯಸ್ಸು 41, ಎತ್ತರ 166 ಸೆಂ.ಮೀ., ತೂಕ 84 ಕೆಜಿ. ಶುಗರ್ ಬಂದು ಮೂರು ವರ್ಷ. ಮೆಟ್‌ಫಾರ್ಮಿನ್ ಎರಡು ಹೊತ್ತು, ಗ್ಲಿಮೆಪಿರೈಡ್ 2 ಮಿ.ಗ್ರಾಂ, ಬಿಪಿಗೆ ಒಂದು ಮಾತ್ರೆ. ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 8.4. ಶುರುವಿಗೆ ಮುಂಚೆ ಕಣ್ಣಿನ ಪರದೆ, ಕ್ರಿಯಾಟಿನಿನ್, ಹಿಮೋಗ್ಲೋಬಿನ್ ನೋಡಿಸಿದೆವು. ಕಣ್ಣಿನ ಪರೀಕ್ಷೆ ಬಿಡಬಾರದು. ಮೊದಲೇ ಪರದೆ ಹಾಳಾಗಿದ್ದರೆ ಶುಗರ್ ದಿಢೀರನೆ ಇಳಿದಾಗ ಅದು ಇನ್ನಷ್ಟು ಕೆಡಬಹುದು.

ಮೊದಲ ದಿನವೇ ವೈದ್ಯರು ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಬಿಪಿ ಮಾತ್ರೆ ಮೂರನ್ನೂ ನಿಲ್ಲಿಸಿದರು. ಇಷ್ಟು ಕಡಿಮೆ ಊಟದ ಜೊತೆ ಗ್ಲಿಮೆಪಿರೈಡ್ ಇದ್ದರೆ ಶುಗರ್ ಕುಸಿದು ಬೀಳುತ್ತಾರೆ. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಇದ್ದರೆ ಅದನ್ನೂ ಬಿಡಿಸಬೇಕು, ಶುಗರ್ ಹೆಚ್ಚಿಲ್ಲದೆಯೂ ರಕ್ತ ಆಮ್ಲವಾಗುವ ಕೀಟೋಆಸಿಡೋಸಿಸ್ ಆಗುವ ಭಯ ಅದರಲ್ಲಿದೆ. ಇನ್ಸುಲಿನ್ ಮೇಲೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರನ್ನು ನಾವು ಈ ದಾರಿಗೆ ತರುವುದಿಲ್ಲ. ತೆಳ್ಳಗಿದ್ದು ತೂಕ ತಾನಾಗಿಯೇ ಇಳಿಯುತ್ತಿರುವವರಿಗೆ ಮೊದಲು ದೇಹ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ಹೇಳುವ ಸಿ-ಪೆಪ್ಟೈಡ್ ನೋಡಿಸಿ. ಅದು ಟೈಪ್ ಎರಡೇ ಅಲ್ಲದಿರಬಹುದು.

ಊಟ ಹೀಗಿತ್ತು. ಬೆಳಿಗ್ಗೆ ಸಕ್ಕರೆ ಇಲ್ಲದ ಚಹಾ, 50 ಮಿ.ಲೀ. ಹಾಲಿನದು. ತಿಂಡಿಯ ಹೊತ್ತಿಗೆ 150 ಮಿ.ಲೀ. ಟೋನ್ಡ್ ಹಾಲಿಗೆ ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ 25 ಗ್ರಾಂ. ಮಧ್ಯಾಹ್ನ 30 ಗ್ರಾಂ ರಾಗಿಹಿಟ್ಟಿನ ಮುದ್ದೆ, ನಿಂಬೆಹಣ್ಣಿಗಿಂತ ತುಸು ದೊಡ್ಡದು. ಜೊತೆಗೆ 25 ಗ್ರಾಂ ಬೇಳೆ, 200 ಗ್ರಾಂ ಸೊಪ್ಪು ಹಾಕಿದ ಸಾರು, ಎರಡು ಮೊಟ್ಟೆಯ ಬಿಳಿ. ಸಂಜೆ ನೀರುಮಜ್ಜಿಗೆ. ರಾತ್ರಿ 30 ಗ್ರಾಂ ಸೋಯಾ ಚಂಕ್ಸ್, 200 ಗ್ರಾಂ ತರಕಾರಿಯ ಪಲ್ಯ. ಮಲಗುವಾಗ 100 ಮಿ.ಲೀ. ಹಾಲು. ದಿನಕ್ಕೆಲ್ಲ ಎಣ್ಣೆ ಎರಡು ಟೀ ಚಮಚ. ಒಟ್ಟು 840 ಕ್ಯಾಲೊರಿಯ ಆಸುಪಾಸು, ಪ್ರೋಟೀನ್ 65 ಗ್ರಾಂ. ಪ್ರೋಟೀನ್ ಇದಕ್ಕಿಂತ ಇಳಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೆಚ್ಚು ಕರಗುತ್ತದೆ, ಕೂದಲು ಉದುರಬಹುದು. ಇಷ್ಟು ಕಡಿಮೆ ಬೇಳೆಯಲ್ಲೂ ಸಾರು ಗಟ್ಟಿ ಬರುವಂತೆ ಮಾಡುವ ಒಂದು ಹದ ನನ್ನಲ್ಲಿದೆ. ಬಾಯಿರುಚಿ ಉಳಿಸಿದ್ದೇ ಅದು. ಅದನ್ನು ನಮ್ಮಲ್ಲಿ ಬರುವವರಿಗೆ ಒಲೆ ಮುಂದೆ ನಿಲ್ಲಿಸಿ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಮುದ್ದೆಯಿಂದ ಶುಗರ್ ಏರುವುದೇ ಇಲ್ಲ ಎಂದು ನಂಬಿದವರಿಗಾಗಿ ಒಂದು ಪ್ರಯೋಗ ಮಾಡಿಸಿದ್ದೆ. ಒಂದೇ ವ್ಯಕ್ತಿಗೆ, 50 ಗ್ರಾಂ ಅಕ್ಕಿಯ ಅನ್ನ ಒಂದು ದಿನ, 50 ಗ್ರಾಂ ರಾಗಿಯ ಮುದ್ದೆ ಇನ್ನೊಂದು ದಿನ, ಅದೇ ಸಾರು. ಒಂದು ಗಂಟೆಗೆ ಅನ್ನಕ್ಕೆ 200ರ ಹತ್ತಿರ, ಮುದ್ದೆಗೆ 190ರ ಹತ್ತಿರ. ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ. ಹಾಗಾಗಿ ಮುದ್ದೆ ಇರಲಿ, ಅಳತೆಯಲ್ಲಿ ಇರಲಿ.

ಅಂಗಡಿಯವರ ಖಾಲಿಹೊಟ್ಟೆ ಶುಗರ್ 170ರ ಹತ್ತಿರ ಇದ್ದದ್ದು, ಮಾತ್ರೆ ಇಲ್ಲದೆಯೇ ಎಂಟನೇ ದಿನಕ್ಕೆ 120ರ ಒಳಗೆ ಬಂತು. ಯಕೃತ್ತಿನ ಕೊಬ್ಬು ಮೊದಲು ಕರಗುವುದರಿಂದ ಇದು ತೂಕಕ್ಕಿಂತ ಮುಂಚೆಯೇ ಕಾಣುತ್ತದೆ. ಮೊದಲ ವಾರ ತಲೆನೋವು, ಎದ್ದು ನಿಂತರೆ ಕಣ್ಣುಕತ್ತಲೆ. ಎರಡೂವರೆ ಲೀಟರ್ ನೀರು, ಮಜ್ಜಿಗೆಗೆ ಉಪ್ಪು ಎಂದ ಮೇಲೆ ಸರಿಹೋಯಿತು. ಮಲಬದ್ಧತೆಗೆ ಇಸಬ್‌ಗೋಲ್. ಬಿಪಿ ಆರನೇ ವಾರ ಸ್ವಲ್ಪ ಏರಿತು, ಅರ್ಧ ಮಾತ್ರೆ ವಾಪಸ್ ಬಂತು. ಹನ್ನೆರಡು ವಾರಕ್ಕೆ 71.5 ಕೆಜಿ, ಅಂದರೆ ಮೊದಲ ತೂಕದಲ್ಲಿ ಸುಮಾರು 15% ಇಳಿಕೆ. ಎಚ್‌ಬಿಎ1ಸಿ 6.2.

ಆಗಲೇ ರೆಮಿಷನ್ ಎಂದು ನಾವು ಬರೆಯಲಿಲ್ಲ. ಊಟ ಬದಲಿಸಿ ಆರು ತಿಂಗಳು, ಮಾತ್ರೆ ನಿಲ್ಲಿಸಿ ಮೂರು ತಿಂಗಳು ಆದಮೇಲೂ 6.5ಕ್ಕಿಂತ ಕಡಿಮೆ ಇರಬೇಕು. ಇಲ್ಲೊಂದು ಮೋಸವಿದೆ. ಕಬ್ಬಿಣದ ಕೊರತೆ ಇರುವ ಹೆಂಗಸರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಕಬ್ಬಿಣದ ಮಾತ್ರೆ ಶುರುವಾದರೆ ಶುಗರ್ ಇಳಿಯದಿದ್ದರೂ ಈ ಅಂಕಿ ಇಳಿಯುತ್ತದೆ. ಅಂಥವರಲ್ಲಿ ಖಾಲಿಹೊಟ್ಟೆ, ಊಟದ ನಂತರದ ಶುಗರ್ ಸೇರಿಸಿಯೇ ನೋಡುತ್ತೇವೆ.

ಹನ್ನೆರಡು ವಾರದ ಮೇಲೆ ಊಟವನ್ನು ಆರು ವಾರದಲ್ಲಿ ಮೆಲ್ಲಗೆ ಏರಿಸಿದೆವು: ಮೊದಲು ರಾತ್ರಿ ಒಂದು ಜೋಳದ ರೊಟ್ಟಿ, ಆಮೇಲೆ ತಿಂಡಿ. ಆರನೇ ತಿಂಗಳಿಗೆ 6.0, ಆಗ ರೆಮಿಷನ್ ಎಂದು ಬರೆದೆವು. ಈಗ ವಾರಕ್ಕೊಮ್ಮೆ ತೂಕ, ತೂಕ ಎರಡು ಕೆಜಿ ಏರಿದರೆ ಎರಡರಿಂದ ನಾಲ್ಕು ವಾರ ಮತ್ತೆ ಅದೇ 840. ಮದುವೆ ಸೀಸನ್ನಿನಲ್ಲಿ ಒಮ್ಮೆ ಮೂರು ಕೆಜಿ ಏರಿ ಎಚ್‌ಬಿಎ1ಸಿ 6.4 ಮುಟ್ಟಿತ್ತು, ಈ ಲೆಕ್ಕದಿಂದಲೇ ತಿರುಗಿತು. ಖರ್ಚು: ವೇ ಎರಡು ಕೆಜಿ ಚಿಲ್ಲರೆ, ಆರು ಸಾವಿರದ ಸುಮಾರು, ಶುಗರ್ ನೋಡುವ ಸ್ಟ್ರಿಪ್ಪು, ಲ್ಯಾಬು ಸೇರಿ ಇನ್ನೊಂದು ನಾಲ್ಕು ಸಾವಿರ.

ಎಲ್ಲರಿಗೂ ಹೀಗಾಗುವುದಿಲ್ಲ. ಶುಗರ್ ಬಂದು ಹದಿನಾಲ್ಕು ವರ್ಷವಾದ ಒಬ್ಬರು 11 ಕೆಜಿ ಇಳಿದರೂ ಖಾಲಿಹೊಟ್ಟೆ 150ರ ಕೆಳಗೆ ಬರಲಿಲ್ಲ. ಇನ್ಸುಲಿನ್ ಮಾಡುವ ಮೇದೋಜೀರಕದ ಬೀಟಾ ಕೋಶಗಳಲ್ಲಿ ಎಚ್ಚರಗೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ಮೂರು ಮಾತ್ರೆ ಒಂದಕ್ಕೆ ಇಳಿಯಿತು, ಅದನ್ನೇ ಲಾಭವೆಂದು ಬರೆದುಕೊಂಡೆವು. ಆರು ವರ್ಷದೊಳಗಿನವರಿಗೆ ಆಸೆ ಹೇಳುತ್ತೇನೆ, ಹತ್ತು ದಾಟಿದವರಿಗೆ ಮಾತ್ರೆ ಕಡಿಮೆಯಾಗಬಹುದು ಎಂದಷ್ಟೇ ಹೇಳುತ್ತೇನೆ.

ತೂಕ 100 ದಾಟಿ, ಈ ದಾರಿಯಲ್ಲಿ ಎರಡು ಸಲ ಸೋತವರಿಗೆ ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಮಾತು ನಾವೇ ಎತ್ತುತ್ತೇವೆ. ಮೂರು ಲಕ್ಷದ ಮೇಲೆ ಖರ್ಚು, ಹೆಚ್ಚಿನವರು ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಅಲ್ಲಿಂದ ಬಂದಮೇಲೆ ಬಿ12, ಕಬ್ಬಿಣ, ವಿಟಮಿನ್ ಡಿ, ಕ್ಯಾಲ್ಸಿಯಂ ಜೀವಮಾನವಿಡೀ ಬೇಕು. ಹೊಟ್ಟೆಯ ಬೈಪಾಸ್ ಆದವರಲ್ಲಿ ಸಿಹಿ ತಿಂದ ಅರ್ಧ ಗಂಟೆಗೆ ಬೆವರು, ಎದೆಬಡಿತ ಬಂದರೆ ಅದು ಡಂಪಿಂಗ್, ಅಂದರೆ ತಿಂದದ್ದು ಒಮ್ಮೆಗೇ ಕರುಳಿಗೆ ಇಳಿದದ್ದು. ಎರಡು ಗಂಟೆ ಕಳೆದು ಬಂದರೆ ಮೀಟರ್ ಹಿಡಿದು ನೋಡಿ, ಶುಗರ್ ಕುಸಿದಿರಬಹುದು. ಆಪರೇಷನ್ ಆದವರಲ್ಲೂ ಕೆಲವರಿಗೆ ಐದಾರು ವರ್ಷಕ್ಕೆ ಶುಗರ್ ಮರಳುತ್ತದೆ. ಆದ್ದರಿಂದ ಮಾತ್ರೆ ಬಿಟ್ಟವರೆಲ್ಲರ ಕಾರ್ಡಿನಲ್ಲೂ, ಊಟದಿಂದ ಬಿಟ್ಟಿರಲಿ ಆಪರೇಷನ್ನಿನಿಂದ ಬಿಟ್ಟಿರಲಿ, ವರ್ಷಕ್ಕೊಮ್ಮೆ ಕಣ್ಣು, ಮೂತ್ರದ ಆಲ್ಬುಮಿನ್, ಪಾದ, ಎಚ್‌ಬಿಎ1ಸಿಯ ತಾರೀಕು ಮೊದಲೇ ಬರೆದು ಕೊಡುತ್ತೇವೆ.