ಒಪ್ಪಿಗೆ ಕೊಡದವರ ಆರ್ಡರ್ ಲೆಕ್ಕಕ್ಕೆ ಬಂದಿದ್ದು ಹೀಗೆ: ನನ್ನ ಅನುಭವ

"ಮಾಡೆಲ್ ಮಾಡಿದ ಕನ್ವರ್ಷನ್ ಅಂದರೆ ಊಹೆ, ಅದನ್ನು ನಂಬಿ ದುಡ್ಡು ಹಾಕೋದಕ್ಕೆ ಆಗಲ್ಲ." ಕುಕಿಗೆ ಒಪ್ಪಿಗೆ ಕೊಡದವರಲ್ಲಿ ಎಷ್ಟು ಜನ ಜಾಹೀರಾತಿನಿಂದ ಬಂದು ಕೊಂಡರು ಎಂದು ಗೂಗಲ್ ಆಡ್ಸ್ ಅಂದಾಜು ಮಾಡಿ ಸೇರಿಸುವ ಆರ್ಡರ್ ಬಗ್ಗೆ ನನ್ನ ಕ್ಲೈಂಟಿನ ಹಣಕಾಸು ವಿಭಾಗದವರು ತಿಂಗಳುಗಟ್ಟಲೆ ಇದೇ ಮಾತು ಹೇಳಿದರು. ಈಗ ಅವರೇ ಆ ಅಂಕಿ ಇಟ್ಟುಕೊಂಡು ಬಜೆಟ್ ಮಾಡುತ್ತಾರೆ.

ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಮಾರುವ ಆನ್‌ಲೈನ್ ಅಂಗಡಿ ಅದು. ಸುಮಾರು ಅರ್ಧದಷ್ಟು ಜನ ಕುಕಿಗೆ ಒಪ್ಪಿಗೆ ಕೇಳುವ ಬ್ಯಾನರಿನಲ್ಲಿ ಬೇಡ ಅನ್ನುತ್ತಿದ್ದರು. ಆ ಉತ್ತರವನ್ನು ಗೂಗಲ್ ಟ್ಯಾಗಿಗೆ ತಿಳಿಸುವ ಕನ್ಸೆಂಟ್ ಮೋಡ್ ಬೇಸಿಕ್ ಆಗಿದ್ದದ್ದರಿಂದ ಅವರ ಮಟ್ಟಿಗೆ ಆರ್ಡರ್ ಎಣಿಸುವ ಟ್ಯಾಗ್ ಓಡುತ್ತಲೇ ಇರಲಿಲ್ಲ. ಜರ್ಮನಿಯಲ್ಲಿ ತಿಂಗಳಿಗೆ 20,000 ಯೂರೋ ಜಾಹೀರಾತು ಖರ್ಚಿಗೆ ಸುಮಾರು 330 ಆರ್ಡರ್ ಕಾಣುತ್ತಿತ್ತು, ಅಂದರೆ ಒಂದಕ್ಕೆ 60 ಯೂರೋ. ಅಷ್ಟು ಕೊಟ್ಟರೆ ನಷ್ಟ.

ಹಣಕಾಸಿನವರ ಮೊದಲ ಉಪಾಯ ಸುಲಭದ್ದು: ಅರ್ಧ ಜನ ಕಾಣುವುದಿಲ್ಲ, ಹಾಗಾಗಿ 330ನ್ನು ಎರಡರಿಂದ ಗುಣಿಸಿ. ಇದು ನಡೆಯುವುದಿಲ್ಲ. ಕೊಳ್ಳುವ ಮನಸ್ಸಿನಿಂದ ಬಂದವರು ಹೌದು ಒತ್ತುವುದು ಜಾಸ್ತಿ. ಬೇಡ ಅಂದವರಲ್ಲಿ ಸುಮ್ನೆ ನೋಡಿ ಹೋಗುವವರೇ ಹೆಚ್ಚು. 660 ಅಂತ ಬರೆದಿದ್ದರೆ ಇಲ್ಲದ ಆರ್ಡರಿಗೆ ಬಜೆಟ್ ಏರಿಸುತ್ತಿದ್ದೆವು.

ಅವರ ವಕೀಲರ ಒಪ್ಪಿಗೆ ಪಡೆದು ನಾನು ಅಡ್ವಾನ್ಸ್ಡ್ ಮೋಡಿಗೆ ಬದಲಾಯಿಸಿದೆ. ಇಲ್ಲಿ ಬೇಡ ಅಂದರೂ ಕುಕಿ ಇಲ್ಲದ ಪಿಂಗ್, ಅಂದರೆ ಒಂದು ಪುಟ್ಟ ಸಂದೇಶ, ಗೂಗಲಿಗೆ ಹೋಗುತ್ತದೆ. ಯಾರು ಎಂದು ಅದರಿಂದ ಗೊತ್ತಾಗುವುದಿಲ್ಲ. ಆದರೆ ಒಪ್ಪಿಗೆ ಕೊಡದವರ ಕಡೆ ಏನೇನು ನಡೆಯಿತು ಅನ್ನುವುದು ಮಾಡೆಲಿಗೆ ಸಿಗುತ್ತದೆ. ಎಲ್ಲ ಟ್ಯಾಗಿಗಿಂತ ಮೊದಲು ಇದು ಓಡಬೇಕು:

```
gtag('consent', 'default', {
  ad_storage: 'denied',
  ad_user_data: 'denied',
  ad_personalization: 'denied',
  analytics_storage: 'denied',
  wait_for_update: 500
});
```

ಹಳೆಯ ಏಜೆನ್ಸಿಯವರು ಇದೇ ಪ್ರಯತ್ನ ಮಾಡಿ ಕೈಬಿಟ್ಟಿದ್ದರು. ಕಾರಣ ನೆಟ್‌ವರ್ಕ್ ಟ್ಯಾಬಿನಲ್ಲೇ ಕಾಣುತ್ತಿತ್ತು. ಮೊದಲ ಪುಟದಲ್ಲಿ ಹೌದು ಒತ್ತಿದ ಮೇಲೂ ಒಪ್ಪಿಗೆ ಇಲ್ಲ ಅನ್ನುವ `gcs=G100` ಅಂತಲೇ ಇತ್ತು, ಎರಡನೇ ಪುಟಕ್ಕೆ ಹೋದಾಗಷ್ಟೇ ಒಪ್ಪಿಗೆ ಇದೆ ಅನ್ನುವ `G111` ಆಗುತ್ತಿತ್ತು. ಜಾಹೀರಾತಿನ ಕ್ಲಿಕ್ ಐಡಿ ಮೊದಲ ಪುಟದ ವಿಳಾಸದಲ್ಲೇ ಇರುವುದು, ಅಲ್ವಾ? ಒಪ್ಪಿಗೆಯ ಅಪ್‌ಡೇಟ್ ಅಲ್ಲೇ ಆಗದಿದ್ದರೆ ಒಪ್ಪಿಗೆ ಕೊಟ್ಟವರ ಆರ್ಡರ್ ಕೂಡ ಕೈತಪ್ಪುತ್ತದೆ. ಬ್ಯಾನರಿನ ಬಟನ್ ಒತ್ತಿದ ಕ್ಷಣವೇ ಅಪ್‌ಡೇಟ್ ಹೋಗುವ ಹಾಗೆ ಮಾಡಿಸಿದೆ.

ಕೆಲವು ವಾರ ಕಳೆದ ಮೇಲೆ ಜರ್ಮನಿಯ ಅಂಕಿ ತಿಂಗಳಿಗೆ ಸುಮಾರು 520ಕ್ಕೆ ಬಂತು. ಒಂದು ಆರ್ಡರಿಗೆ 38 ಯೂರೋ. ಆದರೆ ಆಸ್ಟ್ರಿಯಾ ಅಲ್ಲೇ ನಿಂತಿತ್ತು: 3,000 ಯೂರೋಗೆ 50 ಆರ್ಡರ್, ಮತ್ತೆ 60. ಆಸ್ಟ್ರಿಯಾ ಮುಚ್ಚಿ ಅನ್ನುವ ಮಾತು ಶುರುವಾಯಿತು.

ರಿಪೋರ್ಟ್ ಓದುವಾಗ ಎಲ್ಲರೂ ಎಡವುವುದು ಇಲ್ಲೇ. ಕನ್ಸೆಂಟ್ ಮೋಡಿನ ಮಾಡೆಲ್ ಶುರುವಾಗಲು ಒಂದು ದೇಶ, ಒಂದು ಡೊಮೇನಿಗೆ 7 ದಿನದಲ್ಲಿ 700 ಜಾಹೀರಾತು ಕ್ಲಿಕ್ ಬೇಕು. ಆಸ್ಟ್ರಿಯಾದಲ್ಲಿ ಕ್ಲಿಕ್ಕಿಗೆ ಒಂದೂವರೆ ಯೂರೋದಂತೆ ವಾರಕ್ಕೆ 500 ಕೂಡ ಆಗುತ್ತಿರಲಿಲ್ಲ. ಅಂದರೆ ಒಂದು ಸಾಲಿನಲ್ಲಿ ಮಾಡೆಲ್ ಸೇರಿದೆ, ಪಕ್ಕದ ಸಾಲಿನಲ್ಲಿ ಇಲ್ಲ. Conversions ಕಾಲಮ್ ಎರಡನ್ನೂ ಒಂದೇ ಥರ ತೋರಿಸುತ್ತದೆ. ದಶಮಾಂಶ ಕಂಡರೆ ಅದು ಮಾಡೆಲ್ ಅನ್ನುವವರೂ ಇದ್ದಾರೆ. ಒಂದು ಆರ್ಡರಿನ ಶ್ರೇಯವನ್ನು ಹಲವು ಕ್ಲಿಕ್ಕಿಗೆ ಹಂಚುವ ಡೇಟಾ ಡ್ರಿವನ್ ಅಟ್ರಿಬ್ಯೂಷನ್ ಕೂಡ ದಶಮಾಂಶ ಕೊಡುತ್ತದೆ, ಹಾಗಾಗಿ ಆ ಗುರುತನ್ನು ನಂಬಬೇಡಿ. ಗೂಗಲ್ ಆಡ್ಸ್‌ನ Diagnostics ನಲ್ಲಿ ಮಾಡೆಲಿನಿಂದ ಯಾವ ದೇಶಕ್ಕೆ ಎಷ್ಟು ಏರಿಕೆ ಅಂತ ನೋಡಿ.

ಮಾತಿನಲ್ಲಿ ಯಾರೂ ಒಪ್ಪಲಿಲ್ಲ. ಹಾಗಾಗಿ ಮೂರು ವಾರ ಆಸ್ಟ್ರಿಯಾದ ಜಾಹೀರಾತು ಪೂರ್ತಿ ನಿಲ್ಲಿಸಿ, ಅಂಗಡಿಯ ಸ್ವಂತ ಆರ್ಡರ್ ಪುಸ್ತಕ ನೋಡೋಣ ಅಂದೆ. ಅದಕ್ಕೆ ಯಾವ ಕುಕಿಯೂ ಬೇಡ. ವಾರಕ್ಕೆ 45ರ ಆಸುಪಾಸು ಇದ್ದ ಒಟ್ಟು ಆರ್ಡರ್ 27ಕ್ಕೆ ಇಳಿಯಿತು. ಜರ್ಮನಿ ಅಲುಗಾಡಲಿಲ್ಲ. ವಾರಕ್ಕೆ 18 ಅಂದರೆ ತಿಂಗಳಿಗೆ ಸುಮಾರು 78. 3,000 ಭಾಗಿಸು 78, ಸುಮಾರು 38 ಯೂರೋ. ಮಾಡೆಲ್ ಜರ್ಮನಿಗೆ ಹೇಳಿದ ಬೆಲೆಯೇ ಬಂತು. ಯಾವ ಮೂರು ವಾರ ಆರಿಸಬೇಕು, ಹಬ್ಬದ ಏರಿಳಿತ ಹೇಗೆ ಕಳೆಯಬೇಕು ಅನ್ನುವುದನ್ನು ನಾನು ಇಲ್ಲಿ ಬಿಚ್ಚಿಡುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ನಡುವೆ ಗೂಗಲ್ ಅನಾಲಿಟಿಕ್ಸ್, ಅಂದರೆ GA4ನಲ್ಲೂ ಕೈಯಾಡಿಸಿದೆ. Reporting identity ಯನ್ನು Blended ನಿಂದ Observed ಗೆ ಬದಲಿಸಿದರೆ ಮಾಡೆಲ್ ಇಲ್ಲದ ಅಂಕಿ ಕಾಣುತ್ತದೆ, ಯಾವಾಗ ಬೇಕಾದರೂ ವಾಪಸ್ ಬದಲಿಸಬಹುದು. GA4 ತನ್ನ ಡೇಟಾ ಕಳಿಸುವ ಬಿಗ್‌ಕ್ವೆರಿಗೆ ಮಾತ್ರ ಮಾಡೆಲ್ ಮಾಡಿದ ಅಂಕಿ ಹೋಗುವುದೇ ಇಲ್ಲ. ಎರಡು ಕಡೆಯ ಅಂಕಿ ಹೊಂದಿಸಲು ರಾತ್ರಿ ಕೂರುವವರು ಇದನ್ನು ಮೊದಲು ತಿಳಿದಿರಬೇಕು.

ಈಗ ನಾನು ಕಳೆದ ಒಂದು ವಾರದ ಅಂಕಿಯನ್ನು ತೀರ್ಮಾನಕ್ಕೆ ಬಳಸುವುದಿಲ್ಲ, ಮಾಡೆಲ್ ತಡವಾಗಿ ಬಂದು ಸೇರುತ್ತದೆ. ಒಂದೊಂದು ಆರ್ಡರ್ ನಂಬರನ್ನು ಹೊಂದಿಸಲೂ ಹೋಗುವುದಿಲ್ಲ, ಅದು ಸಾಧ್ಯವಿಲ್ಲ. ರಿಪೋರ್ಟಿನ ಅಂಕಿ ಮತ್ತು ಅಂಗಡಿಯ ಒಟ್ಟು ಆರ್ಡರಿನ ಅನುಪಾತವನ್ನು ದೇಶವಾರು, ವಾರವಾರು ಬರೆದಿಡುತ್ತೇನೆ. ಖರ್ಚು ಹೆಚ್ಚುಕಮ್ಮಿ ಆಗದೆ ಅದು ಕುಸಿದರೆ ಮೊದಲು ಬ್ಯಾನರ್ ಯಾರು ಮುಟ್ಟಿದರು ಅಂತ ಕೇಳುತ್ತೇನೆ.

ಆಸ್ಟ್ರಿಯಾಗೆ ವಾರಕ್ಕೆ 1,200 ಯೂರೋ ಕೊಡಿಸಿದೆ. ಕ್ಲಿಕ್ 700 ದಾಟಿತು, ಕೆಲವು ವಾರದಲ್ಲಿ ಮಾಡೆಲ್ ಶುರುವಾಯಿತು. ರಿಪೋರ್ಟಿನ ಬೆಲೆ ಈಗ 40ರ ಹತ್ತಿರ ಇದೆ.